ಒಂದು ಗಂಟೆಯ ಸತ್ಸಂಗಕ್ಕೆ ಹಾಡುಗಳ ಜೋಡಣೆ

ಪ್ರಶ್ನೆ: ಶಾಂತವಾದ ಪ್ರಾರ್ಥನೆಯಿಂದ ಶುರುವಾಗಿ ಕೊನೆಗೆ ಎಲ್ಲರೂ ದನಿಗೂಡಿಸುವ ಭಜನೆಗೆ ಏರಬೇಕೆಂಬುದು ನನ್ನ ಆಸೆ. ಆದರೆ ಜೋರಾದ ನಾಮಾವಳಿ ಎತ್ತಿದರೂ ಜನ ಸುಮ್ಮನೆ ಕೂರುತ್ತಾರೆ. ಹಾಡುಗಳನ್ನು ಹೇಗೆ ಜೋಡಿಸಲಿ?

ಉತ್ತರ: ನಾನು ಪಟ್ಟಿ ಬರೆಯುವಾಗ ನಡುವಿನ ಕಾಲು ಗಂಟೆಯನ್ನು ಮೊದಲು ತುಂಬುತ್ತೇನೆ. ಕೇಳುತ್ತಾ ಕುಳಿತವರು ಬಾಯಿ ಬಿಟ್ಟು ಹಾಡಲು ತೊಡಗುವುದು ಅಲ್ಲಿಯೇ. ಅದು ಸರಿಯಾಗದಿದ್ದರೆ ಮುಂದೆ ಎಷ್ಟು ಜೋರಾಗಿ ಹಾಡಿದರೂ ಮುಂದಾಳು ಒಬ್ಬರೇ ಹಾಡುತ್ತಿರುತ್ತಾರೆ.

ಮೊದಲ 5 ನಿಮಿಷ ಓಂಕಾರ, ಗಣಪತಿ ಮತ್ತು ಗುರು ಶ್ಲೋಕಗಳು, ತಾಳವಿಲ್ಲದೆ ಬರಿಯ ಶ್ರುತಿಯ ಮೇಲೆ. ಮುಂದಿನ 15 ನಿಮಿಷ ವಿಳಂಬ ಕಾಲದ ಎರಡು ದೇವರನಾಮಗಳು. ರೇವತಿಯಂತಹ ರಾಗ ಇಲ್ಲಿ ಚೆನ್ನಾಗಿ ಕೂರುತ್ತದೆ. ತಬಲಾ ಮೆತ್ತಗಿರಲಿ, ಕೈತಾಳ ಇನ್ನೂ ಬೇಡ.

ಆಮೇಲಿನ 15 ನಿಮಿಷಕ್ಕೆ ಪಲ್ಲವಿ ಚಿಕ್ಕದಾಗಿರುವ ಎರಡು ಹಾಡುಗಳನ್ನು ಆರಿಸಿ. ಮೊದಲನೆಯದರಲ್ಲಿ ಚರಣವನ್ನು ಮುಂದಾಳು ಹಾಡಲಿ, ಪಲ್ಲವಿಯನ್ನಷ್ಟೇ ಎಲ್ಲರೂ ಹಿಡಿಯಲಿ. ಎರಡನೆಯದರಲ್ಲಿ ಚರಣವನ್ನೂ ಅರ್ಧರ್ಧ ಸಾಲಾಗಿ ಒಡೆದು ಹೇಳಿಕೊಡಿ. ಜನ ತಿರುಗಿ ಹೇಳಬೇಕಾದ ಸಾಲು ಎಂಟು ಎಣಿಕೆಯ ಒಂದು ಆವರ್ತದೊಳಗೆ ಮುಗಿಯಬೇಕು. ಎರಡು ಆವರ್ತಕ್ಕೆ ಚಾಚಿದರೆ, ಹೊಸದಾಗಿ ಕೇಳುವವರು ಮೊದಲರ್ಧವನ್ನು ನೆನಪಿಟ್ಟು ಉಳಿದುದನ್ನು ಗೊಣಗುತ್ತಾರೆ. ಆ ಹಾಡನ್ನೇ ಕೇಳಿರದ ಒಬ್ಬರೆದುರು ಒಮ್ಮೆ ಹಾಡಿ ನೋಡಿ. ಎರಡನೆಯ ಸಲಕ್ಕೆ ಅವರು ಹಿಡಿದುಕೊಂಡರೆ ಆ ಸಾಲು ನಡೆಯುತ್ತದೆ.

ಈಗ ಕೈತಾಳ ಎತ್ತಿಕೊಂಡು 17 ನಿಮಿಷ ಮೂರು ನಾಮಾವಳಿ. ಮೋಹನ ರಾಗಕ್ಕೆ ಐದೇ ಸ್ವರಗಳಾದ್ದರಿಂದ ಗುಂಪಿಗೆ ಬೇಗ ಒಗ್ಗುತ್ತದೆ. ಪ್ರತಿ ನಾಮಾವಳಿಯೂ ಹಿಂದಿನದು ಮುಗಿದ ವೇಗಕ್ಕಿಂತ ತುಸು ನಿಧಾನವಾಗಿ ಶುರುವಾಗಲಿ, ಒಳಗೊಳಗೇ ಏರಲಿ. ಹೀಗೆ ಮಾಡಿದರೆ ಜನಕ್ಕೆ ಉಸಿರು ತೆಗೆದುಕೊಳ್ಳಲು ಎಡೆ ಸಿಗುತ್ತದೆ. ವೇಗ ಮಿತಿ ಮೀರಿತೋ ಎಂದು ತಿಳಿಯಲು ಗುಂಪಿನ ಕೊನೆಯ ಅಕ್ಷರವನ್ನು ಆಲಿಸಿ: ಅದು ಪೂರ್ತಿ ಕೇಳಿಸುವ ಮುನ್ನವೇ ಮುಂದಾಳು ಮುಂದಿನ ಸಾಲಿಗೆ ಹಾರಿದರೆ ಮಿತಿ ದಾಟಿದೆ. ಬಹುಮಟ್ಟಿಗೆ ಓಡಿಸುವುದು ಕೈತಾಳವೇ. ಅದನ್ನು ಹಿಡಿದವರನ್ನು ತಬಲಾದವರ ಪಕ್ಕದಲ್ಲೇ ಕೂರಿಸಿ.

ಶ್ರುತಿಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಕೊನೆಯ ನಾಮಾವಳಿಯ ಅತಿ ಎತ್ತರದ ಸಾಲನ್ನು ಮೊದಲೇ ನಾಲ್ಕಾರು ಗಂಡಸರು, ಹೆಂಗಸರಿಂದ ಹಾಡಿಸಿ, ಯಾರಿಗೂ ಕತ್ತು ಬಿಗಿಯದ ಶ್ರುತಿಯನ್ನು ಇಡೀ ಗಂಟೆಗೆ ನಿಲ್ಲಿಸುತ್ತೇನೆ. ಮುಂದಾಳಿನ ಗಂಟಲಿಗೆ ಸರಿಹೋಗುವ ಶ್ರುತಿ ಸಾಕೆಂದುಕೊಂಡರೆ, ಉತ್ಸಾಹ ಏರಬೇಕಾದ ಹೊತ್ತಿಗೆ ಅರ್ಧ ಗುಂಪು ಮೌನವಾಗುತ್ತದೆ.

ಕೊನೆಯ 8 ನಿಮಿಷದಲ್ಲಿ ಅದೇ ನಾಮಾವಳಿಯನ್ನು ಎರಡು ಸಲ ನಿಧಾನಕ್ಕೆ ಇಳಿಸಿ, ಮಂಗಳ, ಶಾಂತಿ ಮಂತ್ರ ಹೇಳಿ ಮುಗಿಸಿ. ಮಂಗಳಕ್ಕೆ ಮಧ್ಯಮಾವತಿ ರಾಗ ವಾಡಿಕೆ. ತಡವಾಗಿ ಶುರುವಾಗಿ ಸಮಯ ಸಾಲದೆ ಬಂದರೆ ಒಂದು ನಾಮಾವಳಿಯನ್ನು ಬಿಡಿ. ನಡುವಿನ ಕಾಲು ಗಂಟೆಯನ್ನು ಮಾತ್ರ ಮೊಟಕು ಮಾಡಬೇಡಿ.