ವರ್ಷಕ್ಕೆರಡು ಸಲ ವಾಲ್ವ್ ತಿರುಗಿಸಿ

"ಹೊಸ ಮನೆಗೆ ಬಂದಿದೀವಿ, ಬೋರ್ ನೀರು. ನಲ್ಲಿ, ವಾಲ್ವ್, ಟ್ರ್ಯಾಪ್, ಟ್ಯಾಂಕಿಗೆ ವರ್ಷಕ್ಕೊಮ್ಮೆ ಏನು ಮಾಡಬೇಕು?"

ಸರ್, ಮೊದಲು ವಾಲ್ವ್ ನೋಡಿ. ಸದಾ ತೆರೆದೇ ಇರುವ ಗೇಟ್ ವಾಲ್ವ್ ಒಳಗೆ ಬೋರ್ ನೀರಿನ ಸುಣ್ಣ ಕಟ್ಟಿಕೊಳ್ಳುತ್ತದೆ. ಪೈಪ್ ಒಡೆದ ದಿನ ಜೋರು ಮಾಡಿ ತಿರುಗಿಸಿದರೆ ಹಿಡಿಯ ಕೆಳಗಿನ ಕಡ್ಡಿ, ಅಂದರೆ ಸ್ಪಿಂಡಲ್, ಮುರಿಯುತ್ತದೆ. ಹಿಡಿ ಸುತ್ತುತ್ತಲೇ ಇರುತ್ತದೆ, ನೀರು ಮಾತ್ರ ನಿಲ್ಲುವುದಿಲ್ಲ. ಹಾಗಾಗಿ ವರ್ಷಕ್ಕೆರಡು ಸಲ ಪೂರ್ತಿ ಮುಚ್ಚಿ, ಪೂರ್ತಿ ತೆರೆದು, ಕೊನೆಗೆ ಕಾಲು ಸುತ್ತು ಹಿಂದಕ್ಕೆ ಬಿಡಿ. ಬಿಗಿಯಾಗಿದ್ದರೆ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಆಡಿಸಿ. ಹಿಡಿಗೆ ಪೈಪ್ ರೆಂಚ್ ಹಾಕಬೇಡಿ. ಆಮೇಲೆ ಸ್ಪಿಂಡಲ್ ಬುಡದಲ್ಲಿ ಹನಿ ಕಂಡರೆ ಅದರ ಸುತ್ತ ಇರುವ ಗ್ಲ್ಯಾಂಡ್ ನಟ್ ಅನ್ನು ಸ್ಪ್ಯಾನರ್‌ನಲ್ಲಿ ಕಾಲು ಸುತ್ತಿನ ಅರ್ಧದಷ್ಟು ಬಿಗಿ ಮಾಡಿದರೆ ಸಾಮಾನ್ಯವಾಗಿ ಸಾಕು.

ನಲ್ಲಿಯಲ್ಲಿ ನೀರು ಸಣ್ಣಗಾದರೆ ತುದಿಯ ಜಾಲರಿ ಬಿಚ್ಚಿ ಅರ್ಧ ಗಂಟೆ ವಿನೆಗರ್‌ನಲ್ಲಿ ನೆನೆಸಿ, ಹಳೇ ಬ್ರಷ್‌ನಿಂದ ಉಜ್ಜಿ.

ಬಳಸದ ಬಾತ್‌ರೂಮ್ ನಾರುತ್ತಿದ್ದರೆ ಫ್ಲೋರ್ ಟ್ರ್ಯಾಪಿನ ನೀರು ಆರಿದೆ ಎಂದರ್ಥ. ಚರಂಡಿ ಗಾಳಿ ತಡೆಯುವುದೇ ಆ ನೀರು. ಒಂದೆರಡು ಮಗ್ ಸುರಿಯಿರಿ. ಫಿನಾಯಿಲ್ ಬರೀ ವಾಸನೆ ಮುಚ್ಚುತ್ತದೆ, ಅಷ್ಟೇ.

ಟ್ಯಾಂಕ್ ತೊಳೆಸಿದ ದಿನ ಫ್ಲೋಟ್ ಬಾಲನ್ನು ಕೈಯಲ್ಲಿ ಎತ್ತಿ ಹಿಡಿಯಿರಿ. ಆಗಲೂ ನೀರು ಬರುತ್ತಿದ್ದರೆ ವಾಷರ್ ಸವೆದಿದೆ. ಬಾಲನ್ನು ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದಾದರೆ ಬಾಲನ್ನೇ ಬದಲಿಸಿ.