ಎಮರ್ಜೆನ್ಸಿ ಫಂಡ್ ಎಷ್ಟಿರಬೇಕು: ಸಂಬಳ ಇಲ್ಲದವರ ಲೆಕ್ಕ

"ನಂದು ಫ್ರೀಲಾನ್ಸ್ ಕೆಲಸ, ತಿಂಗಳ ಸಂಬಳ ಅಂತ ಇಲ್ಲ. ಎಲ್ಲರೂ ಆರು ತಿಂಗಳ ಖರ್ಚು ಎತ್ತಿಡು ಅಂತಾರೆ. ಯಾವ ಖರ್ಚು? ನನ್ನಂಥವರಿಗೆ ಆರು ಸಾಕಾ, ಸಾಲದಾ?"

ನಾನೂ ಬಿಲ್ ಕಳಿಸಿ ದುಡ್ಡಿಗೆ ಕಾಯುವ ಜಾತಿಯವನೇ. ಆರು ಅನ್ನೋದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮಗೆ ಬೇಕಾದ ಸಂಖ್ಯೆ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೇ ಇದೆ.

ಮೊದಲು ಖರ್ಚು. ಕಳೆದ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆದು ಒಂದೊಂದು ಸಾಲಿಗೂ ಒಂದೇ ಪ್ರಶ್ನೆ ಕೇಳಿ: ನಾಳೆ ದುಡಿಮೆ ನಿಂತರೂ ಇದು ಹೋಗುತ್ತದಾ? ಬಾಡಿಗೆ, ಸಾಲದ ಕಂತು, ದಿನಸಿ, ಕರೆಂಟು, ಔಷಧಿ, ಮಕ್ಕಳ ಫೀಸು, ವಿಮೆ, ಹೆತ್ತವರಿಗೆ ಕಳಿಸುವ ದುಡ್ಡು, ಇವೆಲ್ಲ ಹೋಗುತ್ತವೆ. ಪ್ರವಾಸ, ಹೋಟೆಲ್ ಊಟ, ಹೊಸ ಬಟ್ಟೆ ನಿಲ್ಲುತ್ತವೆ. ಪ್ರತಿ ತಿಂಗಳು ಹೂಡಿಕೆಗೆ ಹಾಕುವುದೂ ನಿಲ್ಲುತ್ತದೆ, ಅದನ್ನು ಖರ್ಚಿಗೆ ಸೇರಿಸಬೇಡಿ. ಆದರೆ ನಿಮ್ಮ ಕೆಲಸದ ಸಾಫ್ಟ್‌ವೇರ್ ಚಂದಾ ಮತ್ತು ಇಂಟರ್ನೆಟ್ ನಿಲ್ಲಿಸುವ ಹಾಗಿಲ್ಲ. ಅವಿಲ್ಲದೆ ಮುಂದಿನ ಕೆಲಸ ಹಿಡಿಯೋದು ಹೇಗೆ?

ಇಲ್ಲಿ ಹೆಚ್ಚಿನವರ ಕಣ್ಣು ತಪ್ಪಿಸುವುದು ವರ್ಷಕ್ಕೊಮ್ಮೆ ಬರುವ ಖರ್ಚು. ವಿಮೆ ಪ್ರೀಮಿಯಂ, ಫೀಸು, ಗಾಡಿ ರಿಪೇರಿ ಎಲ್ಲ ಕೂಡಿಸಿ 12ರಿಂದ ಭಾಗಿಸಿ ತಿಂಗಳ ಲೆಕ್ಕಕ್ಕೆ ಹಾಕಿ. ಪ್ರೀಮಿಯಂ ಬಂದಾಗಲೆಲ್ಲ ಎಮರ್ಜೆನ್ಸಿ ದುಡ್ಡಿಗೆ ಕೈ ಹಾಕುತ್ತಿದ್ದರೆ, ಈ ಹೆಜ್ಜೆ ಬಿಟ್ಟುಹೋಗಿದೆ ಎಂದೇ ಅರ್ಥ. ದಿನಾಂಕ ಮೊದಲೇ ಗೊತ್ತಿರುವ ಖರ್ಚು ತುರ್ತು ಅಲ್ಲ, ಅಲ್ವಾ?

ಈಗ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ತೆರಿಗೆಗೆ ಎತ್ತಿಟ್ಟ ಮೇಲೆ ಕೈಗುಳಿಯುವ ಸರಾಸರಿ ತಿಂಗಳ ಆದಾಯ 100 ಅಂದುಕೊಳ್ಳಿ. ಮಾಮೂಲಿ ಖರ್ಚು 75, ಅದರಲ್ಲಿ ನಿಲ್ಲಿಸಲಾಗದ್ದು 60. ನಮಗೆ ಬೇಕಾದ್ದು ಈ 60 ಮಾತ್ರ.

ಮುಂದೆ ಆದಾಯ. ಸರಾಸರಿ ನೋಡಿದರೆ ತಿಂಗಳಿಗೆ 40 ಮಿಗುತ್ತದೆ, ಚಿಂತೆಯೇ ಇಲ್ಲ ಅನಿಸುತ್ತದೆ. ಆದರೆ ದುಡ್ಡು ಸರಾಸರಿಯಲ್ಲಿ ಬರೋದಿಲ್ಲ. ಹನ್ನೆರಡು ತಿಂಗಳು ಹೀಗೆ ಬಂತು ಅನ್ನಿ: 140, 90, 120, 30, 20, 50, 160, 150, 110, 40, 130, 160. ನಾಲ್ಕನೇ ತಿಂಗಳು 30 ಕಡಿಮೆ ಬಿತ್ತು, ಐದನೇ ತಿಂಗಳು 40, ಆರನೇ ತಿಂಗಳು 10. ಸಾಲಾಗಿ ಮೂರು ತಿಂಗಳಿಗೆ 80 ಕೊರತೆ. ಹತ್ತನೇ ತಿಂಗಳಲ್ಲಿ ಇನ್ನೊಂದು 20 ಇದೆ, ಆದರೆ ಅಷ್ಟರಲ್ಲಿ ಹಳೆಯ ಗುಂಡಿ ತುಂಬಿರುತ್ತದೆ. ಹಾಗಾಗಿ ಈ ವರ್ಷದ ಅತಿ ಆಳದ ಗುಂಡಿ 80. ಅಂದರೆ ಯಾವ ಅನಾಹುತವೂ ಆಗದ ವರ್ಷದಲ್ಲೂ ಕೈಯಲ್ಲಿ ಇಷ್ಟು ಬೇಕಾಗಿತ್ತು.

ಎಕ್ಸೆಲ್‌ನಲ್ಲಿ B ಕಾಲಮಿಗೆ ಆದಾಯ ತುಂಬಿ, ಎರಡನೇ ಸಾಲಿನಿಂದ ಶುರು ಮಾಡಿ. C2 ಮತ್ತು C3ರಲ್ಲಿ ಇವನ್ನು ಹಾಕಿ, C3ಯನ್ನು ಕೆಳಗಿನವರೆಗೆ ಎಳೆಯಿರಿ:

```
=MIN(0,B2-60)
=MIN(0,C2+B3-60)
```

60ರ ಜಾಗದಲ್ಲಿ ನಿಲ್ಲಿಸಲಾಗದ ನಿಮ್ಮ ಖರ್ಚನ್ನು ಹಾಕಿ. C ಕಾಲಮಿನ ಅತಿ ಚಿಕ್ಕ ಸಂಖ್ಯೆಯೇ, ಮೈನಸ್ ಗುರುತು ಬಿಟ್ಟು, ನಿಮ್ಮ ಗುಂಡಿ. ಎರಡು ಮೂರು ವರ್ಷದ ದಾಖಲೆ ಇದ್ದರೆ ಅಷ್ಟನ್ನೂ ಹಾಕಿ. ಬಿಲ್ ಬರೆದ ತಿಂಗಳಲ್ಲ, ದುಡ್ಡು ಖಾತೆಗೆ ಬಿದ್ದ ತಿಂಗಳನ್ನೇ ಹಿಡಿಯಿರಿ.

ಇನ್ನು ನಿಜವಾದ ಪರೀಕ್ಷೆ. ನಿಮಗೆ ಅತಿ ಜಾಸ್ತಿ ಕೆಲಸ ಕೊಡುವ ಕ್ಲೈಂಟ್ ಹೆಸರಲ್ಲಿ ಬಂದ ದುಡ್ಡನ್ನೆಲ್ಲ ಆ ಪಟ್ಟಿಯಿಂದ ಹೊಡೆದುಹಾಕಿ, ಅದೇ ಲೆಕ್ಕ ಮತ್ತೆ ಮಾಡಿ. ನಮ್ಮ ಉದಾಹರಣೆಯಲ್ಲಿ ವರ್ಷದ ಆದಾಯದ ಅರ್ಧ ಒಬ್ಬರಿಂದಲೇ ಬರುತ್ತಿತ್ತು ಅನ್ನಿ. ಅವರನ್ನು ಕಳೆದರೆ ಉಳಿಯುವುದು 70, 60, 60, 30, 20, 10, 70, 80, 60, 10, 60, 70. ಈಗ ಗುಂಡಿ 140ಕ್ಕೆ ಇಳಿಯುತ್ತದೆ. ಗಮನಿಸಿ: ಆರನೇ ತಿಂಗಳಿಗೆ 120 ಆದ ಕೊರತೆ ಆಮೇಲೆ ಸ್ವಲ್ಪ ಮಾತ್ರ ತುಂಬುತ್ತದೆ, ಹತ್ತನೇ ತಿಂಗಳು ಅದರ ಮೇಲೇ ಬಂದು ಬೀಳುತ್ತದೆ. ಒಂದು ವರ್ಷ ಕಳೆದರೂ 130ರ ಹಳ್ಳದಲ್ಲೇ ಇರುತ್ತೀರಿ. ಒಬ್ಬರನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಅನ್ನೋದು ನನಗೆ ಅರ್ಥವಾಗಿದ್ದೇ ಹೀಗೆ ಹೊಡೆದುಹಾಕಿ ನೋಡಿದಾಗ.

ಕೊನೆಯದು, ಎಲ್ಲ ಕೆಲಸವೂ ಒಟ್ಟಿಗೆ ನಿಂತರೆ? ಹೊಸ ಕ್ಲೈಂಟ್ ಸಿಗಲು ಎರಡು ತಿಂಗಳು, ಕೆಲಸ ಮುಗಿಸಿ ಬಿಲ್ ಕಳಿಸಲು ಒಂದು ತಿಂಗಳು, ಬಿಲ್ಲಿನ ದುಡ್ಡು ಬರಲು ಇನ್ನೆರಡು ತಿಂಗಳು. ಎರಡೇ ತಿಂಗಳಲ್ಲಿ ಕೆಲಸ ಸಿಕ್ಕರೂ ಕೈಗೆ ದುಡ್ಡು ಸಿಗಲು ಐದು ತಿಂಗಳು. ಐದನ್ನು 60ರಿಂದ ಗುಣಿಸಿದರೆ 300. ಹಳೆಯ ಬಿಲ್ಲುಗಳು ಮಧ್ಯೆ ಬರುತ್ತವಲ್ಲ ಅಂತ ನೀವು ಕೇಳಬಹುದು. ಬರಬಹುದು. ಆದರೆ ಬಾಗಿಲು ಮುಚ್ಚುವ ಕ್ಲೈಂಟ್ ಹಳೆಯ ಬಾಕಿಯನ್ನೂ ಮುಳುಗಿಸುವುದುಂಟು, ಅದಕ್ಕೇ ನಾನು ಆ ದುಡ್ಡನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ. ಈ ಎರಡು, ಒಂದು, ಎರಡು ಸುಮ್ನೆ ನನ್ನಿಂದ ಎತ್ತಿಕೊಳ್ಳಬೇಡಿ. ನಿಮ್ಮ ಹಳೆಯ ಮೇಲ್‌ಗಳಲ್ಲಿ ಮೊದಲ ಮಾತುಕತೆಯ ದಿನ, ಬಿಲ್ಲಿನ ದಿನ, ದುಡ್ಡು ಬಂದ ದಿನ ಇರುತ್ತವೆ, ನೋಡಿ.

80, 140, 300 ಮೂರನ್ನೂ ಕೂಡಿಸಬೇಕಾಗಿಲ್ಲ, ದೊಡ್ಡದನ್ನು ಹಿಡಿದರೆ ಸಾಕು. ಈ ಉದಾಹರಣೆಗೆ ಉತ್ತರ 300. ಮಾಮೂಲಿ ಖರ್ಚನ್ನು ಆರರಿಂದ ಗುಣಿಸಿದ್ದರೆ 450 ಆಗುತ್ತಿತ್ತು, ಆದಾಯವನ್ನೇ ಆರರಿಂದ ಗುಣಿಸಿದ್ದರೆ 600. ಅಷ್ಟು ಕೂಡಿಡುವುದು ಹೇಗಪ್ಪಾ ಅಂತ ಹೆದರಿ ಶುರುವೇ ಮಾಡದವರನ್ನು ನೋಡಿದ್ದೇನೆ. ನಿಮ್ಮಲ್ಲಿ ಕೆಲಸ ಸಿಗಲು ಆರು ತಿಂಗಳು ಹಿಡಿಯುತ್ತದೆ ಅಂದರೆ ಲೆಕ್ಕ 60 × 9, ಅಂದರೆ 540ಕ್ಕೆ ಹೋಗುತ್ತದೆ. ಆಗ ಆರು ತಿಂಗಳ ಮಾತು ನಿಮಗೆ ಸಾಲದು.

ಮನೆಯಲ್ಲಿ ಇನ್ನೊಬ್ಬರ ಸಂಬಳ ಇದ್ದರೆ ಕೊರತೆಗೆ ಮಾತ್ರ ಲೆಕ್ಕ ಹಾಕಿ. ಅವರದು 35 ಬಂದರೆ ತಿಂಗಳ ಕೊರತೆ 25, ಐದು ತಿಂಗಳಿಗೆ 125. ಇಬ್ಬರೂ ಒಂದೇ ಕಂಪನಿಯನ್ನೋ ಒಂದೇ ಉದ್ಯಮವನ್ನೋ ನಂಬಿದ್ದರೆ ಈ ರಿಯಾಯಿತಿ ಬೇಡ, ಎರಡೂ ಒಟ್ಟಿಗೆ ನಿಲ್ಲಬಹುದು. ಕ್ರೆಡಿಟ್ ಕಾರ್ಡ್ ಲಿಮಿಟ್ ಇದೆಯಲ್ಲ ಅನ್ನೋರಿಗೂ ಒಂದು ಮಾತು: ಅದು ಸಾಲ. ದುಡಿಮೆ ನಿಂತಿರುವಾಗಲೇ ಅದನ್ನು ತೀರಿಸಬೇಕಾಗುತ್ತದೆ, ಲಿಮಿಟ್ಟನ್ನು ಕೊಟ್ಟವರೇ ಇಳಿಸಲೂಬಹುದು.

ಈ ಲೆಕ್ಕವನ್ನು ಪ್ರತಿ ವರ್ಷ ಮತ್ತೆ ಮಾಡಿ, ಹೊಸ ಸಾಲ ತೆಗೆದುಕೊಳ್ಳುವ ಮೊದಲಂತೂ ಮಾಡಲೇಬೇಕು. ತಿಂಗಳಿಗೆ 10ರ ಕಂತು ಅಂದರೆ ಎಮರ್ಜೆನ್ಸಿ ಫಂಡಿಗೆ ಇನ್ನೂ 50 ಸೇರಿಸಬೇಕು. ಆ 50 ಎಲ್ಲಿಂದ ಬರುತ್ತದೆ ಅಂತ ಸಹಿ ಹಾಕುವ ಮುಂಚೆ ನೋಡಿಕೊಳ್ಳಿ.