ಧನ್ಯವಾದ ಪತ್ರದಲ್ಲಿ ಎಡವಿಸುವ ವಾಕ್ಯ

"ನಮ್ಮದು ಸಣ್ಣ ಸಂಸ್ಥೆ. ದೇಣಿಗೆ ಕೊಟ್ಟವರಿಗೆ ಧನ್ಯವಾದ ಪತ್ರ ಬರೀಬೇಕು. ರಸೀದಿ, ಹಣದ ಬಳಕೆ ಎರಡೂ ಸ್ಪಷ್ಟವಾಗಿರಬೇಕು, ಆದರೆ ನೋಟಿಸ್ ಥರ ಕಾಣಬಾರದು. ಹೇಗೆ ಬರೆಯೋದು?"

ಒಂದು ಸಣ್ಣ ಗ್ರಂಥಾಲಯಕ್ಕೆ ಕೆಲವು ವರ್ಷ ಇಂಥ ಪತ್ರಗಳನ್ನು ನಾನೇ ಬರೆಯುತ್ತಿದ್ದೆ. ಒಬ್ಬರು 5,000 ರೂಪಾಯಿ ಕಳಿಸಿದರು. ಇಂಥದ್ದಕ್ಕೇ ಅಂತ ಏನೂ ಹೇಳಿರಲಿಲ್ಲ. ಪತ್ರ ಚೆನ್ನಾಗಿ ಕಾಣಲಿ ಅಂತ ನಾನೇ, "ನಿಮ್ಮ ಹಣದಿಂದ ಮಕ್ಕಳ ಪುಸ್ತಕ ಕೊಳ್ಳುತ್ತೇವೆ" ಎಂದು ಸೇರಿಸಿದೆ. ಎರಡು ತಿಂಗಳಿಗೆ ಮಾಡು ಸೋರಿತು, ಹಣ ರಿಪೇರಿಗೆ ಹೋಯಿತು. ಆಮೇಲೆ ಅವರು ಒಂದು ದಿನ ಬಂದು, "ಆ ಪುಸ್ತಕ ಎಲ್ಲಿವೆ, ನೋಡಬಹುದಾ?" ಎಂದರು. ರಿಪೇರಿಗೆ ಅಂದಿದ್ದರೂ ಅವರು ಖುಷಿಯಿಂದಲೇ ಕೊಡುತ್ತಿದ್ದರು. ಕೇಳದ ಮಾತನ್ನು ಕೊಟ್ಟು ಸಿಕ್ಕಿಬಿದ್ದವನು ನಾನು.

ಹಾಗಾಗಿ ಬರೆಯುವ ಮುಂಚೆ ನೋಡಿ: ದಾನಿ ಉದ್ದೇಶ ಹೇಳಿದ್ದಾರಾ, ಅಥವಾ ನೀವು ಒಂದು ಉದ್ದೇಶ ಹೇಳಿ ಹಣ ಕೇಳಿದ್ದಿರಾ? ಎರಡೂ ಇಲ್ಲದಿದ್ದರೆ ಹೀಗೆ ಬರೆಯಬಹುದು:

"ನೀವು ಕಳಿಸಿದ 5,000 ರೂಪಾಯಿ ಮಾರ್ಚ್ 12ರಂದು ತಲುಪಿತು. ನಮ್ಮನ್ನು ನೆನಪಿಟ್ಟು ಕೊಟ್ಟಿದ್ದಕ್ಕೆ ತುಂಬಾ ಧನ್ಯವಾದ. ಇದನ್ನು ಗ್ರಂಥಾಲಯದ ಯಾವ ಕೆಲಸಕ್ಕೆ ಹೆಚ್ಚು ಅಗತ್ಯವಿದೆಯೋ ಅದಕ್ಕೆ ಬಳಸುತ್ತೇವೆ. ಈ ವರ್ಷ ಮಕ್ಕಳ ಪುಸ್ತಕ, ಮಾಡಿನ ರಿಪೇರಿ ಎರಡೂ ಕೈಯಲ್ಲಿವೆ. ರಸೀದಿ ಸಂಖ್ಯೆ 47 ಇದರ ಜೊತೆಗಿದೆ, ನಿಮ್ಮ ಲೆಕ್ಕಕ್ಕೆ ಇಟ್ಟುಕೊಳ್ಳಿ."

ಮಕ್ಕಳ ಪುಸ್ತಕದ ಪ್ರಸ್ತಾಪ ಇಲ್ಲೂ ಬಂತು, ಅಲ್ವಾ? ಆದರೆ ಉದಾಹರಣೆಯಾಗಿ ಬಂತು, ಮಾತು ಕೊಟ್ಟ ಹಾಗೆ ಅಲ್ಲ.

ಉದ್ದೇಶ ಹೇಳಿ ಕೊಟ್ಟ ಹಣವಾದರೆ ಅವರ ಮಾತನ್ನೇ ತಿರುಗಿ ಬರೆಯಿರಿ: "ನೀವು ಹೇಳಿದಂತೆ ಮಕ್ಕಳ ಪುಸ್ತಕಕ್ಕೆ ಮಾತ್ರ ಬಳಸುತ್ತೇವೆ." 'ಶಿಕ್ಷಣದ ಕೆಲಸಕ್ಕೆ' ಅಂತ ಹಿಗ್ಗಿಸಬೇಡಿ. ಉಳಿದ ಹಣ ಬೇರೆ ಕೆಲಸಕ್ಕೆ ಹೋಗಬಹುದು ಅನ್ನುವ ಮಾತು ಹಣ ಕೇಳುವಾಗಲೇ ಇರಬೇಕು. ಹಣ ಬಂದ ಮೇಲೆ ಧನ್ಯವಾದದ ಜೊತೆ ಅದನ್ನು ತೂರಿಸಿದರೆ ದಾನಿ ಒಪ್ಪಿದ ಹಾಗಾಗುವುದಿಲ್ಲ. ಆಗ ಅವರನ್ನೇ ಕೇಳಬೇಕು.

ರಸೀದಿ ಬೇರೆ ಹಾಳೆಯಲ್ಲೇ ಇರಲಿ. ಹೆಸರು, ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ, ಹಣ ಬಂದ ದಿನ, ಬಂದ ರೀತಿ, ಸಂಖ್ಯೆ, ಸಹಿ, ಉದ್ದೇಶ. ಇಷ್ಟು ಅಲ್ಲಿಗೆ ಹೋದರೆ ಪತ್ರ ತಾನೇ ಹಗುರಾಗುತ್ತದೆ. ಜಾಸ್ತಿ ತಪ್ಪಾಗುವುದು ಉದ್ದೇಶದಲ್ಲಿ: ಪತ್ರದಲ್ಲಿ 'ಮಕ್ಕಳ ಪುಸ್ತಕ', ರಸೀದಿಯಲ್ಲಿ 'ಸಾಮಾನ್ಯ ದೇಣಿಗೆ'. ಲೆಕ್ಕ ತಪಾಸಣೆಯವರು ಎರಡನ್ನೂ ಪಕ್ಕದಲ್ಲಿಟ್ಟರೆ ಯಾವುದು ನಿಜ ಅಂತ ಕೇಳುತ್ತಾರೆ. ಎರಡರಲ್ಲೂ ಅದೇ ಪದ ಹಾಕಿ.

ತೆರಿಗೆ ವಿನಾಯಿತಿ ಸಿಗುತ್ತದೆ ಅಂತ ಸುಮ್ನೆ ಬರೆಯಬೇಡಿ. ನಿಮ್ಮ ಸಂಸ್ಥೆಗೆ ಆ ಮಾನ್ಯತೆ ಇದ್ದರೆ ಅದರ ನೋಂದಣಿ ಸಂಖ್ಯೆ ರಸೀದಿಯಲ್ಲಿರಲಿ. ಹಣದ ಬದಲು ವಸ್ತು ಬಂದರೆ "30 ಹಳೆಯ ಪುಸ್ತಕ" ಅಂತ ಬರೆದು ನಿಲ್ಲಿಸಿ, ಬೆಲೆ ಕಟ್ಟಲು ಹೋಗಬೇಡಿ.